ಎರಡು ತಿಂಗಳಾದರೂ ಏಳದ ವಿಡಿಯೋ: ಟೈಟಲ್ ಬದಲಿಸಲಾ, ಮತ್ತೆ ಎಡಿಟ್ ಮಾಡಲಾ, ಹಾಗೇ ಬಿಡಲಾ?

ನಿಧಾನಸವಾರ

ಎಲ್ಲರಿಗೂ ನಮಸ್ಕಾರ. ಯೂಟ್ಯೂಬಿನಲ್ಲಿ ನನ್ನದೊಂದು ಸೈಕಲ್ ಚಾನೆಲ್ ಇದೆ. ಇಲ್ಲಿಯವರೆಗೆ 26 ವಿಡಿಯೋ ಹಾಕಿದ್ದೇನೆ, ಹೆಚ್ಚಿನವು ಸವಾರಿಯವು: ದೂರದ ದಾರಿ, ಏರು, ಮಳೆ, ಇಂಥವು. ಸಾಮಾನ್ಯವಾಗಿ ಎರಡು ತಿಂಗಳಲ್ಲಿ ಒಂದೊಂದಕ್ಕೂ 3,000ದ ಹತ್ತಿರ ವ್ಯೂ ಬರುತ್ತದೆ.

ಎರಡು ತಿಂಗಳ ಹಿಂದೆ ಮೊದಲ ಸಲ ರಿಪೇರಿ ವಿಡಿಯೋ ಹಾಕಿದೆ. ಹಿಂದಿನ ಗೇರ್ ಸೆಟ್ ಮಾಡುವುದು ಹೇಗೆ ಅಂತ. ಟೈಟಲ್ "ರಿಯರ್ ಡಿರೇಲರ್ ಇಂಡೆಕ್ಸಿಂಗ್ | ಸಂಪೂರ್ಣ ಮಾಹಿತಿ". ಉದ್ದ 14:20. ಮೂರು ವಾರಾಂತ್ಯ ಕೂತು ಶೂಟ್ ಮಾಡಿದ್ದು, ನಾನು ಮಾಡಿದ್ದರಲ್ಲೇ ಅತ್ಯಂತ ಉಪಯೋಗದ ವಿಡಿಯೋ ಅಂತ ಈಗಲೂ ನಂಬಿದ್ದೇನೆ. ಬಂದಿರುವುದು 410 ವ್ಯೂ. ಇಂಪ್ರೆಶನ್ 11,200, ಸಿಟಿಆರ್ 2.3%, ಸರಾಸರಿ ನೋಡಿದ ಸಮಯ 3:10.

ಈಗ ಟೈಟಲ್ ಮತ್ತು ಥಂಬ್‌ನೇಲ್ ಬದಲಿಸಲಾ? ಇಡೀ ವಿಡಿಯೋ ಚಿಕ್ಕದಾಗಿ ಮತ್ತೆ ಎಡಿಟ್ ಮಾಡಿ ಹಾಕಲಾ? ಅಥವಾ ಸುಮ್ಮನೆ ಬಿಟ್ಟು ಮುಂದಿನದ್ದು ಮಾಡಲಾ? ದಿನಾ ಯೂಟ್ಯೂಬ್ ಸ್ಟುಡಿಯೋ ತೆರೆದು ನೋಡಿ ನೋಡಿ ತಲೆ ಕೆಟ್ಟಿದೆ.

ಹಳೇಟ್ರೈಪಾಡ್

ಟೈಟಲ್ ಮಾತ್ರ ಮುಟ್ಟಬೇಡಿ. ಹಳೇ ವಿಡಿಯೋದ ಟೈಟಲ್ ಬದಲಿಸಿದರೆ ಅಲ್ಗಾರಿದಂ ಗೊಂದಲಕ್ಕೆ ಬೀಳುತ್ತದೆ, ಇದ್ದ ಅಲ್ಪಸ್ವಲ್ಪವೂ ಹೋಗುತ್ತದೆ. ಡಿಲೀಟ್ ಮಾಡಿ, ಚಿಕ್ಕದು ಮಾಡಿ, ಹೊಸದಾಗಿ ಹಾಕಿ. ಹೊಸ ವಿಡಿಯೋಗೆ ಶುರುವಿನಲ್ಲಿ ಒಂದು ತಳ್ಳು ಸಿಗುತ್ತದೆ, ಅದು ಹಳೇದಕ್ಕೆ ಸಿಗಲ್ಲ.

ಬೆಳಗಿನಬಸ್

ಮೊದಲು ಥಂಬ್‌ನೇಲ್ ತೋರಿಸಿ, ಆಮೇಲೆ ಮಾತು.

ಕತ್ತರಿಮೇಜು

ಹಳೇಟ್ರೈಪಾಡ್ ಅವರೇ, ಟೈಟಲ್ ಬದಲಿಸಿದರೆ ಗೊಂದಲ ಅನ್ನುವುದು ಪೂರ್ತಿ ಸರಿಯಲ್ಲ. ಟೈಟಲ್ ಬದಲಿಸಿದ್ದಕ್ಕೆ ಶಿಕ್ಷೆಯೂ ಇಲ್ಲ, ಬಹುಮಾನವೂ ಇಲ್ಲ. ಹೊಸ ಟೈಟಲ್ ನೋಡಿದ ಜನ ಬೇರೆ ರೀತಿ ನಡೆದುಕೊಂಡರೆ, ಕ್ಲಿಕ್ ಮಾಡಿ ಕೂತು ನೋಡಿದರೆ, ಆಗ ಇನ್ನಷ್ಟು ಜನಕ್ಕೆ ತೋರಿಸುತ್ತದೆ. ಅಷ್ಟೇ. ಆದರೆ ಚೆನ್ನಾಗಿ ಓಡುತ್ತಿರುವ ವಿಡಿಯೋದ ಟೈಟಲ್ ಮುಟ್ಟಬಾರದು ಅನ್ನುವ ಅರ್ಥದಲ್ಲಿ ನೀವು ಹೇಳಿದ್ದರೆ ಒಪ್ಪುತ್ತೇನೆ. ಇದು ಓಡುತ್ತಲೇ ಇಲ್ಲವಲ್ಲ, ಕಳೆದುಕೊಳ್ಳುವುದೇನಿದೆ?

ಡಿಲೀಟ್ ಮಾತ್ರ ಬೇಡ. ಸವಾರ ಅವರು ಹಣಗಳಿಕೆಗೆ 4,000 ಗಂಟೆ ಎಣಿಸುತ್ತಿದ್ದರೆ ಡಿಲೀಟ್ ಮಾಡಿದ ವಿಡಿಯೋದ ಗಂಟೆ ಲೆಕ್ಕದಿಂದ ಹೋಗುತ್ತದೆ. ಕಮೆಂಟೂ ಹೋಗುತ್ತದೆ, ಯಾರೋ ಎಲ್ಲೋ ಹಂಚಿದ ಲಿಂಕೂ ಸಾಯುತ್ತದೆ.

ನಿಧಾನಸವಾರ ಅವರೇ, 2.3% ಅನ್ನುವ ಒಂದೇ ಅಂಕಿ ಇಟ್ಟುಕೊಂಡು ಯಾರೂ ಏನೂ ಹೇಳಲಾಗಲ್ಲ. ಅದು ಬೇರೆ ಬೇರೆ ಜಾಗದ್ದನ್ನೆಲ್ಲ ಸೇರಿಸಿ ಕಲಸಿದ ಅಂಕಿ. ನಾಲ್ಕು ವಿಷಯ ತೆಗೆದು ಹಾಕಿ. ಒಂದು, ಹೋಮ್, ಸರ್ಚ್, ಸಜೆಸ್ಟೆಡ್ ಮೂರಕ್ಕೂ ಇಂಪ್ರೆಶನ್ ಮತ್ತು ಸಿಟಿಆರ್ ಬೇರೆಬೇರೆಯಾಗಿ. ಎರಡು, ರಿಟೆನ್ಶನ್ ಗ್ರಾಫಿನಲ್ಲಿ 30ನೇ ಸೆಕೆಂಡಿಗೆ ಎಷ್ಟು ಜನ ಉಳಿದಿದ್ದಾರೆ. ಮೂರು, ಗ್ರಾಫ್ ಎಲ್ಲಿಂದ ಮಟ್ಟವಾಗುತ್ತದೆ. ನಾಲ್ಕು, ಸರ್ಚಿನಿಂದ ಬಂದವರು ಏನು ಟೈಪ್ ಮಾಡಿದ್ದರು.

ಅಕ್ಷರಗಿಳಿ

ಟ್ಯಾಗ್ ಎಷ್ಟು ಹಾಕಿದ್ದೀರಿ? ನಾನು ಶಾರ್ಟ್ಸ್‌ಗೆ ಟ್ಯಾಗ್ ತುಂಬಾ ಹಾಕುತ್ತೇನೆ, ಸಬ್‌ಸ್ಕ್ರೈಬರ್ ಜಾಸ್ತಿ ಆಗುತ್ತಾರೆ. ನಿಮಗೂ ಸಬ್‌ಸ್ಕ್ರೈಬರ್ ಬೇಕು ಅಂದರೆ ದಿನಾ ಒಂದು ಶಾರ್ಟ್ ಹಾಕಿ.

ಕತ್ತರಿಮೇಜು

@ಅಕ್ಷರಗಿಳಿ, ಸವಾರ ಅವರು ಕೇಳಿದ್ದು ಸಬ್‌ಸ್ಕ್ರೈಬರ್ ಬಗ್ಗೆ ಅಲ್ಲ, ಈ ಒಂದು ವಿಡಿಯೋ ಏನು ಮಾಡುವುದು ಅಂತ. ಟ್ಯಾಗಿನಿಂದ ಹುಡುಕಾಟಕ್ಕೆ ಆಗುವ ಸಹಾಯ ತೀರಾ ಕಡಿಮೆ. ಜನ ತಪ್ಪು ಸ್ಪೆಲ್ಲಿಂಗಿನಲ್ಲಿ ಹುಡುಕುವ ಪದ ಇದ್ದರೆ ಅಲ್ಲಿ ಹಾಕಿ, ಸಾಕು.

ನಿಧಾನಸವಾರ

ತೆಗೆದೆ. ಇದನ್ನು ನಾನು ಯಾವತ್ತೂ ಬಿಡಿಸಿ ನೋಡಿರಲಿಲ್ಲ.

ಹೋಮ್: ಇಂಪ್ರೆಶನ್ 8,100, ಸಿಟಿಆರ್ 1.4%.
ಸರ್ಚ್: 1,900, ಸಿಟಿಆರ್ 6.2%.
ಸಜೆಸ್ಟೆಡ್: 1,200, ಸಿಟಿಆರ್ 2.2%.

30ನೇ ಸೆಕೆಂಡಿಗೆ 48% ಉಳಿದಿದ್ದಾರೆ. 2:40ಕ್ಕೆ ಬರುವಷ್ಟರಲ್ಲಿ 24%. ಅಲ್ಲಿಂದ ಗೆರೆ ಹೆಚ್ಚುಕಡಿಮೆ ಮಟ್ಟ, ಕೊನೆಯಲ್ಲಿ 14%. ಮಧ್ಯೆ 6:10ರಲ್ಲಿ ಒಂದು ಸಣ್ಣ ಗುಡ್ಡ ಇದೆ.

ಸರ್ಚ್ ಪದಗಳು: `cycle gear setting kannada`, `gear cycle gear change agtilla`, `cycle gear sound`, "ಗೇರ್ ಸೈಕಲ್ ಸೆಟ್ಟಿಂಗ್". ಇಂಡೆಕ್ಸಿಂಗ್ ಅಂತ ಟೈಪ್ ಮಾಡಿದವರು ಇಬ್ಬರೇ.

ಒಂದು ಪ್ರಶ್ನೆ. ಈ ಮೂರರ ಕ್ಲಿಕ್ ಲೆಕ್ಕ ಹಾಕಿದರೆ 258 ಹತ್ತಿರ ಬರುತ್ತದೆ. ವ್ಯೂ 410 ಇದೆ. ಉಳಿದ 150 ಎಲ್ಲಿಂದ ಬಂತು?

ಬೆಳಗಿನಬಸ್

ವಾಟ್ಸಾಪಿನಲ್ಲಿ ಲಿಂಕ್ ಕಳಿಸಿರುತ್ತೀರಿ, ಬೆಲ್ ಒತ್ತಿದವರಿಗೆ ನೋಟಿಫಿಕೇಶನ್ ಹೋಗಿರುತ್ತದೆ. ಅದ್ಯಾವುದೂ ಇಂಪ್ರೆಶನ್ ಲೆಕ್ಕಕ್ಕೆ ಬರಲ್ಲ. ಯೂಟ್ಯೂಬಿನ ಒಳಗೇ ಥಂಬ್‌ನೇಲ್ ಅರ್ಧಕ್ಕಿಂತ ಹೆಚ್ಚು ಕಾಣಿಸಿ, ಒಂದು ಸೆಕೆಂಡಿಗಿಂತ ಜಾಸ್ತಿ ಪರದೆ ಮೇಲೆ ಇದ್ದರೆ ಮಾತ್ರ ಒಂದು ಇಂಪ್ರೆಶನ್.

ಕತ್ತರಿಮೇಜು

ಈಗ ಮಾತಾಡಬಹುದು. ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ 11,200ರಲ್ಲಿ 8,100 ಇಂಪ್ರೆಶನ್ ಹೋಮಿನದ್ದು. ಹೋಮಿನಲ್ಲಿ ಮೊದಲು ಯಾರಿಗೆ ತೋರಿಸಿರುತ್ತದೆ? ನಿಮ್ಮ ಸವಾರಿ ವಿಡಿಯೋ ನೋಡುವವರಿಗೆ. ಅವರು ಬರುವುದು ದಾರಿ ನೋಡುವುದಕ್ಕೆ, ಸ್ಕ್ರೂಡ್ರೈವರ್ ನೋಡುವುದಕ್ಕಲ್ಲ. ಅವರ ಗೇರ್ ಆ ದಿನ ಕೆಟ್ಟಿರಲೂ ಇಲ್ಲ. ಹಾಗಾಗಿ ದಾಟಿ ಹೋದರು, 1.4% ಬಂತು. ಇದು ಟೈಟಲಿನ ತಪ್ಪು ಅನ್ನುವುದಕ್ಕಿಂತ ಆ ವಿಷಯಕ್ಕೂ ಆ ಜನಕ್ಕೂ ಹೊಂದಲಿಲ್ಲ ಅನ್ನಬೇಕು. ಎಷ್ಟೇ ಚಂದದ ಟೈಟಲ್ ಇಟ್ಟರೂ ಹೋಮಿನಲ್ಲಿ ಇದು 3,000 ಮುಟ್ಟುವುದು ಕಷ್ಟ. ಸವಾರಿ ವಿಡಿಯೋ ಪಕ್ಕ ಇದನ್ನು ಇಟ್ಟು ಅಳೆಯುವುದನ್ನೇ ಮೊದಲು ಬಿಡಿ.

ಸರ್ಚ್ ನೋಡಿ. ಅಲ್ಲಿ 6.2%. ಗೇರ್ ಕೆಟ್ಟು ಕೂತವನು ಹುಡುಕಿದಾಗ ನಿಮ್ಮದು ಕಂಡರೆ ಒತ್ತುತ್ತಾನೆ. ಆದರೆ ಕಾಣುವುದೇ ಕಡಿಮೆ, ದಿನಕ್ಕೆ ಹತ್ತಿರ ಹತ್ತಿರ 32 ಸಲ. ಯಾಕೆ ಅನ್ನುವುದು ನೀವೇ ಕೊಟ್ಟ ಪದಗಳ ಪಟ್ಟಿಯಲ್ಲಿದೆ. ಜನ ಹುಡುಕುವುದು "ಗೇರ್ ಸೆಟ್ಟಿಂಗ್", "ಚೇಂಜ್ ಆಗ್ತಿಲ್ಲ", "ಸೌಂಡ್". ನೀವು ಬರೆದದ್ದು "ರಿಯರ್ ಡಿರೇಲರ್ ಇಂಡೆಕ್ಸಿಂಗ್". ಅದು ಗೇರ್ ಸರಿ ಮಾಡಲು ಗೊತ್ತಿರುವವನ ಮಾತು. ಗೇರ್ ಕೆಟ್ಟವನಿಗೆ ಆ ಪದ ಗೊತ್ತಿದ್ದರೆ ಅವನಿಗೆ ನಿಮ್ಮ ವಿಡಿಯೋ ಅರ್ಧ ಬೇಕಾಗಿಯೇ ಇರಲ್ಲ. ಹಾಗಾಗಿ ಟೈಟಲ್ ಬದಲಿಸಬೇಕು, ಆದರೆ ಸರ್ಚಿಗಾಗಿ.

ಆದರೆ ಇನ್ನೂ ದೊಡ್ಡ ತೂತು ರಿಟೆನ್ಶನ್‌ನಲ್ಲಿದೆ. 2:40ರ ಒಳಗೆ ನೂರರಲ್ಲಿ 76 ಜನ ಎದ್ದು ಹೋಗಿದ್ದಾರೆ. ಅದಾದ ಮೇಲೆ ಉಳಿದ 24ರಲ್ಲಿ 14 ಜನ ಕೊನೆಯ ತನಕ ಕೂತಿದ್ದಾರೆ. ಹನ್ನೊಂದೂವರೆ ನಿಮಿಷದ ರಿಪೇರಿಗೆ ಅದು ಒಳ್ಳೆಯ ಗೆರೆ. ಅಂದರೆ ವಿಡಿಯೋ ಉದ್ದ ಆಗಿದೆ ಅನ್ನುವುದು ಸುಳ್ಳು, ಇಡೀ ವಿಡಿಯೋ ಮತ್ತೆ ಎಡಿಟ್ ಮಾಡಬೇಕಿಲ್ಲ. ಶುರುವಿನಲ್ಲಿ ಏನೋ ಇದೆ. ಮೊದಲ 2:40ರಲ್ಲಿ ಏನು ಇಟ್ಟಿದ್ದೀರಿ?

ನಿಧಾನಸವಾರ

25 ಸೆಕೆಂಡ್ ಲೋಗೋ ಮತ್ತು ಮ್ಯೂಸಿಕ್. ಆಮೇಲೆ 1:20ರ ತನಕ ನನ್ನ ಸೈಕಲ್ ಕಥೆ, ಯಾವಾಗ ಕೊಂಡೆ, ಎಷ್ಟು ಓಡಿಸಿದೆ. ಆಮೇಲೆ 2:30ರ ತನಕ ಬೇಕಾದ ಸಾಮಾನು ಮೇಜಿನ ಮೇಲೆ ಇಟ್ಟು ಒಂದೊಂದಾಗಿ ತೋರಿಸಿದ್ದೇನೆ. 2:30ಕ್ಕೆ ಪೆಡಲ್ ತಿರುಗಿಸಿ ಆ ಕಟಕಟ ಸದ್ದು ಕೇಳಿಸುತ್ತೇನೆ, ಅಲ್ಲಿಂದ ಕೆಲಸ ಶುರು.

ಬೆಳಗಿನಬಸ್

ಆ ಕಟಕಟ ಸದ್ದೇ ಮೊದಲ ಸೆಕೆಂಡಿನಲ್ಲಿ ಇರಬೇಕಿತ್ತು.

ನೀಲಿಶಾಯಿ

ಟೈಟಲ್ ವಿಷಯದಲ್ಲಿ ನನ್ನ ಅನುಭವ ಹೇಳುತ್ತೇನೆ, ದಯವಿಟ್ಟು ಎಚ್ಚರ ಇರಲಿ. ನನ್ನದು ಚಿತ್ರ ಬಿಡಿಸುವ ಚಾನೆಲ್. ನೀರಿನ ಬಣ್ಣದಲ್ಲಿ ಮೋಡ ಬರೆಯುವ ವಿಡಿಯೋ ಇತ್ತು, ಸಿಟಿಆರ್ 3%, ಸರಾಸರಿ ಐದು ನಿಮಿಷ ನೋಡುತ್ತಿದ್ದರು. ಯಾರೋ ಹೇಳಿದರು ಅಂತ ಟೈಟಲನ್ನು "ಈ ಒಂದು ತಪ್ಪು ನಿಮ್ಮ ಚಿತ್ರ ಹಾಳು ಮಾಡುತ್ತಿದೆ" ಅಂತ ಬದಲಿಸಿದೆ. ಸಿಟಿಆರ್ 7% ಆಯಿತು, ನನಗೆ ಖುಷಿಯೋ ಖುಷಿ. ಎರಡು ವಾರ ಬಿಟ್ಟು ನೋಡಿದರೆ ಸರಾಸರಿ ನೋಡುವ ಸಮಯ 1:20ಕ್ಕೆ ಇಳಿದಿತ್ತು. ಬಂದವರು ಆ "ಒಂದು ತಪ್ಪು" ಯಾವುದು ಅಂತ ಕಾದು, ಸಿಗದೆ ಹೋಗಿದ್ದರು. ಒಬ್ಬರು ಕಮೆಂಟಿನಲ್ಲೇ "ಯಾವ ತಪ್ಪು ಅಂತ ಹೇಳಲೇ ಇಲ್ಲ" ಅಂತ ಬರೆದರು. ಅವರು ಹೇಳಿದ್ದು ಸರಿ, ವಿಡಿಯೋದಲ್ಲಿ ಅದು ಇರಲೇ ಇಲ್ಲ. ಆಮೇಲೆ ಇಂಪ್ರೆಶನ್ ಕೂಡ ಬತ್ತಿಹೋಯಿತು. ಹಳೇ ಟೈಟಲ್ ವಾಪಸ್ ಹಾಕಿದೆ, ಅದು ಮತ್ತೆ ಏಳಲಿಲ್ಲ.

ಹಳೇಟ್ರೈಪಾಡ್

ನೋಡಿ, ನಾನು ಹೇಳಿದ್ದು ಇದನ್ನೇ. ಟೈಟಲ್ ಮುಟ್ಟಿದರು, ಹೋಯಿತು.

ನೀಲಿಶಾಯಿ

ಇಲ್ಲ, ಮುಟ್ಟಿದ್ದಕ್ಕೆ ಹೋಗಿದ್ದಲ್ಲ, ಇಲ್ಲದ್ದನ್ನು ಬರೆದದ್ದಕ್ಕೆ ಹೋಯಿತು.

ಹಳೇಟ್ರೈಪಾಡ್

ಆಯಿತು. ಆದರೆ ರೀಅಪ್‌ಲೋಡ್ ಬಗ್ಗೆ ನಾನು ಸುಮ್ಮನೆ ಹೇಳುತ್ತಿಲ್ಲ. ಕ್ಯಾಮೆರಾ ಸ್ಟ್ಯಾಂಡ್ ಮನೆಯಲ್ಲೇ ಮಾಡುವ ನನ್ನ ವಿಡಿಯೋ 18 ನಿಮಿಷ ಇತ್ತು, 600 ವ್ಯೂ. ತೆಗೆದು 9 ನಿಮಿಷ ಮಾಡಿ ಹೊಸದಾಗಿ ಹಾಕಿದೆ, ಮೂರೇ ತಿಂಗಳಲ್ಲಿ 3,500 ದಾಟಿತು. ಇದಕ್ಕೆ ಏನು ಹೇಳುತ್ತೀರಿ?

ಕತ್ತರಿಮೇಜು

ಟೈಟಲ್, ಥಂಬ್‌ನೇಲ್ ಹಳೆಯವೇ ಇದ್ದವಾ?

ಹಳೇಟ್ರೈಪಾಡ್

ಇಲ್ಲ, ಎರಡೂ ಹೊಸದು.

ಕತ್ತರಿಮೇಜು

ಹಾಗಾದರೆ ಮೂರೂ ಒಟ್ಟಿಗೆ ಬದಲಾಗಿವೆ. ಹೊಸದಾಗಿ ಹಾಕಿದ್ದಕ್ಕೇ ಏರಿತು ಅಂತ ಹೇಗೆ ಹೇಳುತ್ತೀರಿ? ಅರ್ಧಕ್ಕರ್ಧ ಕಡಿಮೆ ಮಾಡಿದಾಗ ಅದು ಬೇರೆಯೇ ವಿಡಿಯೋ. ಅಂಥ ಸಂದರ್ಭದಲ್ಲಿ ಹೊಸದಾಗಿ ಹಾಕುವುದು ಸರಿ ಅಂತ ನಾನೂ ಒಪ್ಪುತ್ತೇನೆ, ಯಾಕೆಂದರೆ ಯೂಟ್ಯೂಬಿನಲ್ಲಿ ಹಳೇ ಲಿಂಕಿಗೆ ಹೊಸ ಫೈಲ್ ಕೂರಿಸಲು ಆಗಲ್ಲ. ಆದರೆ ಇಲ್ಲಿ ತೆಗೆಯಬೇಕಾಗಿರುವುದು ಶುರುವಿನ ಎರಡು ನಿಮಿಷ ಚಿಲ್ಲರೆ. ಅದನ್ನು ಸ್ಟುಡಿಯೋದಲ್ಲೇ ಕತ್ತರಿಸಬಹುದು. ಲಿಂಕ್, ವ್ಯೂ, ಕಮೆಂಟ್ ಎಲ್ಲ ಹಾಗೇ ಉಳಿಯುತ್ತದೆ.

ಹಳೇಟ್ರೈಪಾಡ್

ಹೊಸದಕ್ಕೆ ಶುರುವಿನ ತಳ್ಳು ಸಿಗುತ್ತದೆ ಅನ್ನುವುದನ್ನು ಮಾತ್ರ ನಾನು ಬಿಡಲ್ಲ. ನನ್ನ ಕಣ್ಣಾರೆ ನೋಡಿದ್ದೇನೆ.

ಕತ್ತರಿಮೇಜು

ಇರಬಹುದು. ಆದರೆ ಆ ತಳ್ಳು ಸಿಗುವುದು ಮೊದಲು ಅದೇ ಸಬ್‌ಸ್ಕ್ರೈಬರ್‌ಗಳ ಹೋಮಿನಲ್ಲಿ. ಅವರು ಇದನ್ನು ಒಂದು ಸಲ ದಾಟಿ ಹೋದವರು.

ದೀಪದಕಂಬ

ಇಷ್ಟೆಲ್ಲ ವಾದ ಯಾಕೆ, ಸ್ಟುಡಿಯೋದಲ್ಲಿ Test & compare ಇದೆಯಲ್ಲ. ಮೂರು ಥಂಬ್‌ನೇಲ್ ಹಾಕಿ ಬಿಡಿ, ಯಾವುದು ಗೆದ್ದಿತು ಅಂತ ಅದೇ ಹೇಳುತ್ತದೆ. ನನ್ನ ಖಾತೆಯಲ್ಲಿ ಟೈಟಲ್ ಕೂಡ ಹಾಗೆ ಪರೀಕ್ಷೆ ಮಾಡಲು ಬರುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಯಾವತ್ತೂ ಗೊತ್ತಾಗಲ್ಲ.

ಕತ್ತರಿಮೇಜು

ಒಳ್ಳೆಯ ಸಾಧನ, ಆದರೆ ಇಲ್ಲಿ ಕೆಲಸಕ್ಕೆ ಬರಲ್ಲ. ಈಗ ಈ ವಿಡಿಯೋಗೆ ದಿನಕ್ಕೆ ಎಷ್ಟು ಇಂಪ್ರೆಶನ್ ಬರುತ್ತಿದೆ? 11,200ರಲ್ಲಿ ಬಹುಪಾಲು ಮೊದಲ ವಾರದ್ದೇ ಇರುತ್ತದೆ. ಈಗ ಐವತ್ತು, ಅರವತ್ತು ಇರಬಹುದು. ಅದನ್ನು ಮೂರು ಭಾಗ ಮಾಡಿದರೆ ಒಂದೊಂದು ಥಂಬ್‌ನೇಲಿಗೆ ದಿನಕ್ಕೆ ಇಪ್ಪತ್ತು. ಇಪ್ಪತ್ತರಲ್ಲಿ ಒಬ್ಬ ಒತ್ತಿದ, ಇಬ್ಬರು ಒತ್ತಿದರು ಅಂತ ಇಟ್ಟುಕೊಂಡು ಯಾವುದು ಗೆದ್ದಿತು ಅಂತ ಹೇಳುವುದು? ಎರಡು ವಾರ ಓಡಿದರೂ ಉತ್ತರ ಬರಲ್ಲ. ಅದೂ ಅಲ್ಲದೆ ಆ ಪರೀಕ್ಷೆ ಗೆದ್ದದ್ದನ್ನು ಆರಿಸುವುದು ಕ್ಲಿಕ್ ನೋಡಿ ಅಲ್ಲ, ಜನ ನೋಡಿದ ಸಮಯದ ಪಾಲು ನೋಡಿ. ಮೊದಲ ಎರಡೂವರೆ ನಿಮಿಷ ಹಾಗೇ ಇದ್ದರೆ ಮೂರೂ ಒಂದೇ ಥರ ಸೋಲುತ್ತವೆ.

ಒಂದು ಸಲಕ್ಕೆ ಒಂದೇ ಅನ್ನುವ ನಿಯಮ ದಿನಕ್ಕೆ ಸಾವಿರಾರು ಇಂಪ್ರೆಶನ್ ಬರುವ ವಿಡಿಯೋಗೆ ಸರಿ. ಇಷ್ಟು ಚಿಕ್ಕದರಲ್ಲಿ ನಾನಾದರೆ ಮೊದಲು ಶುರು ಕತ್ತರಿಸುತ್ತೇನೆ, ಅದು ಸೇವ್ ಆದ ಮೇಲೆ ಟೈಟಲ್ ಮತ್ತು ಥಂಬ್‌ನೇಲ್ ಒಟ್ಟಿಗೆ ಬದಲಿಸುತ್ತೇನೆ. ಈ ಕ್ರಮ ತಪ್ಪಬೇಡಿ. ಟೈಟಲ್ ಮೊದಲು ಬದಲಿಸಿದರೆ ಹೊಸದಾಗಿ ಬಂದವರೂ ಆ ಲೋಗೋ ನೋಡಿಯೇ ಓಡುತ್ತಾರೆ.

ದೀಪದಕಂಬ

ಪೂರ್ತಿ ಒಪ್ಪಲ್ಲ. ಎರಡೂ ಬದಲಿಸಿ ಏರಿದರೆ ಮುಂದಿನ ವಿಡಿಯೋಗೆ ಏನು ಕಲಿತ ಹಾಗಾಯಿತು?

ಕತ್ತರಿಮೇಜು

ಕಲಿಯಬಹುದು. ಕತ್ತರಿಸಿದ್ದು ಕೆಲಸ ಮಾಡಿತಾ ಅಂತ ನೋಡುವ ಸಮಯ ಹೇಳುತ್ತದೆ. ಟೈಟಲ್ ಕೆಲಸ ಮಾಡಿತಾ ಅಂತ ಸರ್ಚ್ ಇಂಪ್ರೆಶನ್ ಮತ್ತು ಆ ಪದಗಳ ಪಟ್ಟಿ ಹೇಳುತ್ತದೆ. ಎರಡೂ ಬೇರೆಬೇರೆ ಕಡೆ ಕಾಣುತ್ತವೆ, ಪೂರ್ತಿ ಕಲಸಿಹೋಗಲ್ಲ.

ನಿಧಾನಸವಾರ

ಸರಿ. ಟೈಟಲ್ ಹೀಗೆ ಯೋಚಿಸಿದ್ದೇನೆ: "ಸೈಕಲ್ ಗೇರ್ ಜಾರುತ್ತಿದೆಯಾ? 10 ನಿಮಿಷದಲ್ಲಿ ಸರಿ ಮಾಡಿ". ಹೇಗಿದೆ?

ಚೈನ್‌ಮಸಿ

ಇಲ್ಲಿವರೆಗೆ ಓದುತ್ತಾ ಇದ್ದೆ, ಈಗ ಬಾಯಿ ಬಿಡಲೇಬೇಕು. ನಾನು ಸೈಕಲ್ ರಿಪೇರಿ ಮಾಡುವವನು, ವಿಡಿಯೋ ವಿಷಯ ನನಗೆ ಅಷ್ಟು ಗೊತ್ತಿಲ್ಲ. ನಿಮ್ಮ ವಿಡಿಯೋ ಪೂರ್ತಿ ನೋಡಿದೆ, ಕೆಲಸ ಅಚ್ಚುಕಟ್ಟಾಗಿದೆ.

ಆದರೆ "ಜಾರುತ್ತಿದೆ" ಅಂತ ಬರೆಯಬೇಡಿ. ನಮ್ಮ ಹತ್ತಿರ ಬಂದು ಗೇರ್ ಜಾರುತ್ತೆ ಅನ್ನುವವರಲ್ಲಿ ಎರಡು ಥರ. ಒಬ್ಬನಿಗೆ ಗೇರ್ ಬದಲಿಸಿದಾಗ ಸರಿಯಾಗಿ ಕೂರಲ್ಲ, ಕಟಕಟ ಅನ್ನುತ್ತದೆ. ಅದಕ್ಕೆ ನಿಮ್ಮ ವಿಡಿಯೋ ಮದ್ದು. ಇನ್ನೊಬ್ಬನಿಗೆ ಏರಿನಲ್ಲಿ ಜೋರಾಗಿ ತುಳಿದಾಗ ಚೈನು ಹಲ್ಲಿನ ಮೇಲೆ ಹಾರುತ್ತದೆ, ಕಾಲು ಧಡಕ್ ಅಂತ ಕೆಳಗೆ ಹೋಗುತ್ತದೆ. ಅದು ಸಾಮಾನ್ಯವಾಗಿ ಚೈನು ಅಥವಾ ಹಿಂದಿನ ಹಲ್ಲಿನ ಸೆಟ್ ಸವೆದಿರುವುದು. ಅವನು ನಿಮ್ಮ ವಿಡಿಯೋ ನೋಡಿ ಕೇಬಲ್ ಬಿಗಿ ಮಾಡುವ ಬ್ಯಾರಲ್ ಅಡ್ಜಸ್ಟರ್ ಎಷ್ಟು ತಿರುಗಿಸಿದರೂ ಏನೂ ಆಗಲ್ಲ, ಇದ್ದ ಸೆಟ್ಟಿಂಗೂ ಹಾಳಾಗುತ್ತದೆ. ಸವೆತ ಅಳೆಯುವ ಚೈನ್ ಚೆಕ್ಕರ್ 0.75 ತೋರಿಸುತ್ತಿದ್ದರೆ ಮೊದಲು ಚೈನು ಬದಲಿಸಬೇಕು.

ನೀಲಿಶಾಯಿ

ನನ್ನ "ಒಂದು ತಪ್ಪು" ಟೈಟಲಿನ ಕಥೆಯೇ ಇದು. ಬಂದವನಿಗೆ ಬೇಕಾದ್ದು ಒಳಗೆ ಇಲ್ಲ.

ನಿಧಾನಸವಾರ

ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ "ಗೇರ್ ಬೀಳ್ತಿಲ್ಲ" ಅಂದರೆ?

ಚೈನ್‌ಮಸಿ

ಅದು ಸರಿ. ಬೀಳ್ತಿಲ್ಲ, ಕಟಕಟ ಸದ್ದು, ಒತ್ತಿದರೂ ದೊಡ್ಡ ಹಲ್ಲಿಗೆ ಏರಲ್ಲ. ಇವೆಲ್ಲ ಹೆಚ್ಚಾಗಿ ಕೇಬಲ್ ಸಡಿಲದ ದೂರು, ನೀವು 6:10ರಲ್ಲಿ ತೋರಿಸಿದ್ದು ಅದೇ. ಹತ್ತು ನಿಮಿಷ ಅಂತಲೂ ಬೇಡ. ಮೊದಲ ಸಲ ಮಾಡುವವನಿಗೆ ಅರ್ಧ ಗಂಟೆ ಬೇಕು.

ಇನ್ನೊಂದು. ಶುರು ಕತ್ತರಿಸಿ ಅಂತ ಎಲ್ಲ ಹೇಳುತ್ತಿದ್ದಾರೆ, ಆದರೆ ಆ ಸಾಮಾನು ತೋರಿಸುವ ಭಾಗದಲ್ಲಿ 2:04ಕ್ಕೆ ನೀವು ಒಂದು ಮಾತು ಹೇಳುತ್ತೀರಿ, ಹಿಂದಿನಿಂದ ಬಗ್ಗಿ ನೋಡಿ, ಡಿರೇಲರ್ ಕೂರಿಸುವ ಹ್ಯಾಂಗರ್ ಬಾಗಿದ್ದರೆ ಸೆಟ್ಟಿಂಗ್ ಕೂರಲ್ಲ ಅಂತ. ಅದನ್ನು ತೆಗೆದರೆ ವಿಡಿಯೋಗೆ ಬೆನ್ನೆಲುಬೇ ಇಲ್ಲ. ಸೈಕಲ್ ಬಲಕ್ಕೆ ಬಿದ್ದಿದ್ದರೆ ಹ್ಯಾಂಗರ್ ಬಾಗಿರುವುದೇ ಜಾಸ್ತಿ.

ಬೆಳಗಿನಬಸ್

ಅದನ್ನು ಪಿನ್ ಕಮೆಂಟಿನಲ್ಲಿ ಹಾಕಿದರೆ ಸಾಲದಾ?

ಚೈನ್‌ಮಸಿ

ಕೈಗೆ ಮಸಿ ಹತ್ತಿಸಿಕೊಂಡು ಕೂತವನು ಕಮೆಂಟ್ ಓದಲ್ಲ.

ಕತ್ತರಿಮೇಜು

ಚೈನ್‌ಮಸಿ ಅವರು ಹೇಳಿದ್ದು ನಾನು ನೋಡಿರಲಿಲ್ಲ, ಒಳ್ಳೆಯದಾಯಿತು. ಸ್ಟುಡಿಯೋ ಎಡಿಟರಿನಲ್ಲಿ ತುಂಡು ಹಿಂದೆಮುಂದೆ ಮಾಡಲಾಗಲ್ಲ, ಹೊಸ ದೃಶ್ಯ ಸೇರಿಸಲೂ ಆಗಲ್ಲ, ಇರುವುದರಲ್ಲಿ ತೆಗೆಯಲು ಮಾತ್ರ ಆಗುತ್ತದೆ. ಆದರೆ ಎರಡು ಕಡೆ ತೆಗೆಯಬಹುದು. 0:00ರಿಂದ 2:04 ಒಂದು, 2:16ರಿಂದ 2:30 ಇನ್ನೊಂದು. ಆಗ ವಿಡಿಯೋ ಹ್ಯಾಂಗರ್ ಮಾತಿನಿಂದ ಶುರುವಾಗುತ್ತದೆ, 12ನೇ ಸೆಕೆಂಡಿಗೆ ಕಟಕಟ ಸದ್ದು ಬರುತ್ತದೆ. ಒಟ್ಟು 12:02.

ಕಂಪ್ಯೂಟರಿನಲ್ಲಿ ಆ ವಿಡಿಯೋ ತೆರೆದು Editor, ಅಲ್ಲಿ Trim & cut, ಆಮೇಲೆ New cut. ಕತ್ತರಿ ಬೀಳುವ ಜಾಗ ನೋಡಿಕೊಳ್ಳಿ, ಮಾತಿನ ನಡುವೆ ಬಿದ್ದರೆ ಪದ ತುಂಡಾಗುತ್ತದೆ. ಉಸಿರು ತೆಗೆದುಕೊಳ್ಳುವ ಜಾಗ ಹುಡುಕಿ, ಟೈಮ್‌ಲೈನ್ ಹಿಗ್ಗಿಸಿ ಇಡಿ. ಸೇವ್ ಒತ್ತಿದ ಮೇಲೆ ಕೆಲವು ಗಂಟೆ ಹಿಡಿಯಬಹುದು, ಅಲ್ಲಿಯವರೆಗೆ ಜನಕ್ಕೆ ಹಳೆಯದೇ ಕಾಣುತ್ತದೆ, ಗಾಬರಿ ಬೇಡ. ಮೂಲ ಫೈಲ್ ನಿಮ್ಮ ಹತ್ತಿರ ಇದೆಯಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಜನ ಮರೆಯುವುದು ಆಮೇಲಿನ ಕೆಲಸ. ಡಿಸ್ಕ್ರಿಪ್ಶನ್ನಿನಲ್ಲಿ ಚಾಪ್ಟರ್ ಸಮಯ ಬರೆದಿದ್ದರೆ ಎಲ್ಲ 2:18 ಹಿಂದಕ್ಕೆ ಬರುತ್ತದೆ. 6:10 ಇದ್ದದ್ದು 3:52. ಮೊದಲ ಸಾಲು 0:00 ಇರಲೇಬೇಕು, ಇಲ್ಲದಿದ್ದರೆ ಚಾಪ್ಟರೇ ಕಾಣಲ್ಲ. ಕೊನೆಯ ಎಂಡ್ ಸ್ಕ್ರೀನ್ ಸರಿಯಾದ ಜಾಗದಲ್ಲಿ ಕೂತಿದೆಯಾ ಅಂತ ಒಂದು ಸಲ ಓಡಿಸಿ ನೋಡಿ.

ನಿಧಾನಸವಾರ

ಒಬ್ಬರು ಕಮೆಂಟಿನಲ್ಲಿ "6:10ರಲ್ಲಿ ತೋರಿಸಿದ್ದು ಎರಡು ಸಲ ನೋಡಿದೆ" ಅಂತ ಬರೆದಿದ್ದಾರೆ. ಅದು ತಪ್ಪಾಗುತ್ತದಲ್ಲ?

ಕತ್ತರಿಮೇಜು

ಆಗುತ್ತದೆ. ಅವರಿಗೆ ಉತ್ತರ ಬರೆದು ಹೊಸ ಸಮಯ ಹೇಳಿ. ಆ ಗುಡ್ಡ ಬಂದದ್ದೂ ಅದಕ್ಕೇ, ಜನ ಹಿಂದೆ ಎಳೆದು ಮತ್ತೆ ನೋಡುತ್ತಿದ್ದಾರೆ. ಥಂಬ್‌ನೇಲಿಗೆ ಆ ದೃಶ್ಯವನ್ನೇ ತೆಗೆದುಕೊಳ್ಳಿ. ಈಗ ನಿಮ್ಮ ಮುಖ ಇದೆಯಲ್ಲ, ಸವಾರಿ ವಿಡಿಯೋಗೆ ಅದು ಸರಿ. ಇದಕ್ಕೆ ಎರಡು ಬೆರಳು ಅಡ್ಜಸ್ಟರ್ ಹಿಡಿದಿರುವುದು ಹತ್ತಿರದಿಂದ ಕಾಣಲಿ.

ಸಂಜೆಬಿಸಿಲು

ಎಲ್ಲರಿಗಿಂತ ಬೇರೆ ಮಾತು ಹೇಳುತ್ತೇನೆ. ಹಾಗೇ ಬಿಡಿ. ನಾನು ಹೊಲಿಗೆ ಯಂತ್ರದ ವಿಡಿಯೋ ಮಾಡುತ್ತೇನೆ. ಹಳೇದರ ಹಿಂದೆ ಬಿದ್ದು ಒಂದಿಡೀ ತಿಂಗಳು ಥಂಬ್‌ನೇಲ್ ಬದಲಿಸುತ್ತಾ ಕೂತೆ, ಆ ತಿಂಗಳು ಹೊಸದು ಒಂದೂ ಬರಲಿಲ್ಲ. ಸರ್ಚಿನಲ್ಲಿ ಬದುಕುವ ವಿಡಿಯೋಗೆ ಎರಡು ತಿಂಗಳು ಏನೂ ಅಲ್ಲ. ನನ್ನ ಬಾಬಿನ್ ದಾರ ಸಿಕ್ಕಿಕೊಳ್ಳುವ ವಿಡಿಯೋ ಏಳು ತಿಂಗಳು ಮಲಗಿತ್ತು, ಟೈಟಲ್ ಒಂದಕ್ಷರ ಮುಟ್ಟಲಿಲ್ಲ, ಈಗ ಚಾನೆಲಿನಲ್ಲಿ ಅದೇ ಮುಂದೆ. ನಿಮಗೆ 6:10ರ ಗುಡ್ಡ ಸಿಕ್ಕಿದೆಯಲ್ಲ, ಅದನ್ನೇ ನಾಲ್ಕು ನಿಮಿಷದ ಹೊಸ ವಿಡಿಯೋ ಮಾಡಿ.

ಕತ್ತರಿಮೇಜು

ನಿಮ್ಮ ಬಾಬಿನ್ ವಿಡಿಯೋ ಟೈಟಲಿನಲ್ಲಿ ಜನ ಹುಡುಕುವ ಮಾತು ಮೊದಲೇ ಇತ್ತು, ಅಲ್ವಾ? ಅದಕ್ಕೆ ಕಾದರೆ ಆಯಿತು. ಇವರದ್ದು ಜನ ಹುಡುಕದ ಪದದಲ್ಲಿದೆ, ಏಳು ತಿಂಗಳು ಕಾದರೂ ಆ ಪದ ಯಾರೂ ಟೈಪ್ ಮಾಡಲ್ಲ. ಆದರೆ ಸಮಯದ ವಿಷಯ ನೀವು ಹೇಳಿದ್ದು ಸರಿ. ಒಂದು ಮಧ್ಯಾಹ್ನದ ಕೆಲಸ ಅಂತ ಇಟ್ಟುಕೊಳ್ಳಿ ಸವಾರ ಅವರೇ. ಮಾಡಿ ಮುಗಿಸಿ, ಮೂರು ವಾರ ಸ್ಟುಡಿಯೋ ತೆರೆಯಬೇಡಿ.

ಸಂಜೆಬಿಸಿಲು

ಇತ್ತು, ಅದು ನಿಜ. ಆದರೂ ನಾನಾಗಿದ್ದರೆ ಹೊಸದನ್ನೇ ಮಾಡುತ್ತಿದ್ದೆ.

ನಿಧಾನಸವಾರ (26 ದಿನದ ನಂತರ)

ವಾಪಸ್ ಬಂದೆ. ಇಲ್ಲಿ ಹೇಳಿದ ಹಾಗೆ ಎರಡು ಕಡೆ ಕತ್ತರಿಸಿದೆ. ಮೊದಲ ಸಲ ಕತ್ತರಿ "ಹ್ಯಾಂಗರ್" ಪದದ ನಡುವೆ ಬಿತ್ತು, ಪ್ರಿವ್ಯೂನಲ್ಲಿ "ಗರ್ ಬಾಗಿದೆಯಾ" ಅಂತ ಕೇಳಿಸಿತು, ಅರ್ಧ ಸೆಕೆಂಡ್ ಹಿಂದೆ ಸರಿಸಿ ಸರಿ ಮಾಡಿದೆ. ಸೇವ್ ಆಗಲು ಸಂಜೆ ತನಕ ಹಿಡಿಯಿತು. ಮಾರನೇ ದಿನ ಟೈಟಲ್ ಬದಲಿಸಿದೆ: "ಸೈಕಲ್ ಗೇರ್ ಬೀಳ್ತಿಲ್ವಾ? ಹಿಂದಿನ ಗೇರ್ ಸೆಟ್ಟಿಂಗ್ ನೀವೇ ಮಾಡಿ". ಇಂಡೆಕ್ಸಿಂಗ್ ಅನ್ನುವ ಪದವನ್ನು ಡಿಸ್ಕ್ರಿಪ್ಶನ್ನಿಗೆ ಇಳಿಸಿದೆ. ಏರಿನಲ್ಲಿ ತುಳಿದಾಗ ಚೈನು ಹಾರುತ್ತಿದ್ದರೆ ಈ ವಿಡಿಯೋ ನಿಮಗಲ್ಲ, ಚೈನು ಅಳೆಯಿರಿ ಅಂತ ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಥಂಬ್‌ನೇಲ್ ಎರಡು ಬೆರಳಿನದ್ದು.

ಬದಲಿಸಿದ ದಿನದಿಂದ ಈಚೆಗೆ ಮಾತ್ರ ತಾರೀಖು ಇಟ್ಟು ನೋಡಿದೆ. ಸರ್ಚ್ ಇಂಪ್ರೆಶನ್ 1,750, ಅಂದರೆ ದಿನಕ್ಕೆ 67. ಮೊದಲು 32 ಇತ್ತು. ಅಲ್ಲಿ ಸಿಟಿಆರ್ 7.1%. ಸರಾಸರಿ ನೋಡುವ ಸಮಯ 3:10 ಇದ್ದದ್ದು 4:20 ಆಗಿದೆ, ಅದೂ ವಿಡಿಯೋ ಚಿಕ್ಕದಾದ ಮೇಲೆ. ಹೋಮ್ ಸತ್ತ ಹಾಗೇ ಇದೆ.

ಹಳೇಟ್ರೈಪಾಡ್

ಸರ್ಚಿನಿಂದ ಒಟ್ಟು ಎಷ್ಟು ವ್ಯೂ ಬಂತು?

ನಿಧಾನಸವಾರ

124. ಮೊದಲು ಎರಡು ತಿಂಗಳಿಗೆ ಸೇರಿ 118 ಇತ್ತು.

ಹಳೇಟ್ರೈಪಾಡ್

ಹೊಸದಾಗಿ ಹಾಕಿದ್ದರೆ ಇಷ್ಟರಲ್ಲಿ ಸಾವಿರ ದಾಟಿರುತ್ತಿತ್ತು ಅಂತಲೇ ನನ್ನ ಅನಿಸಿಕೆ.

ದೀಪದಕಂಬ

ಥಂಬ್‌ನೇಲಿನಿಂದ ಎಷ್ಟು, ಟೈಟಲಿನಿಂದ ಎಷ್ಟು ಅನ್ನುವುದು ಈಗಲೂ ಗೊತ್ತಿಲ್ಲ.

ಕತ್ತರಿಮೇಜು

ಅದು ನಿಜ, ಸಿಟಿಆರ್ 6.2ರಿಂದ 7.1 ಆದದ್ದನ್ನು ನಾನು ಏನೂ ಅಂತ ಹೇಳಲ್ಲ, ಇಷ್ಟು ಸಣ್ಣ ಸಂಖ್ಯೆಯಲ್ಲಿ ಅದು ಸುಮ್ನೆ ಅಲುಗಾಟವೂ ಇರಬಹುದು. ಇಂಪ್ರೆಶನ್ ದುಪ್ಪಟ್ಟಾದದ್ದು ಮಾತ್ರ ಅಲುಗಾಟ ಅಲ್ಲ ಅನಿಸುತ್ತದೆ. ಪದಗಳ ಪಟ್ಟಿಯಲ್ಲಿ ಹೊಸದು ಏನಾದರೂ ಬಂದಿದೆಯಾ?

ನಿಧಾನಸವಾರ

ಬಂದಿದೆ. `gear biltilla cycle` ಮತ್ತು "ಸೈಕಲ್ ಗೇರ್ ಕಟಕಟ". ಎರಡೂ ಮೊದಲು ಇರಲಿಲ್ಲ. ಇನ್ನು ನಿನ್ನೆ ಒಬ್ಬರು ಕಮೆಂಟ್ ಹಾಕಿದ್ದಾರೆ, ಹ್ಯಾಂಗರ್ ನೋಡಿದರೆ ಬಾಗಿತ್ತಂತೆ, ಅದನ್ನು ಬದಲಿಸಿದ ಮೇಲೆ ಅಡ್ಜಸ್ಟರ್ ಮುಟ್ಟುವ ಕೆಲಸವೇ ಬರಲಿಲ್ಲವಂತೆ.

ಚೈನ್‌ಮಸಿ

ಆ 12 ಸೆಕೆಂಡ್ ಉಳಿಸಿದ್ದು ಒಳ್ಳೆಯದಾಯಿತು. ಚೈನು ಹಾರುವುದರ ಬಗ್ಗೆ ಒಂದು ವಿಡಿಯೋ ಮಾಡುವುದಾದರೆ ಹೇಳಿ. ಸವೆದದ್ದು, ಹೊಸದು ಎರಡೂ ಚೈನು ನನ್ನ ಹತ್ತಿರ ಇವೆ, ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ನಿಧಾನಸವಾರ

ಮಾಡೋಣ. ಈ ಸಲ ಟೈಟಲನ್ನು ಶೂಟ್ ಮಾಡುವ ಮೊದಲೇ ಇಲ್ಲಿ ಹಾಕುತ್ತೇನೆ.